ಒಂಬತ್ತು ಲಕ್ಷ ಅಂತ ನಾನೇ ಹೇಳ್ಬಿಟ್ಟಿದ್ದೆ, ಈಗ ಮತ್ತೆ ಹೆಂಗೆ ಕೇಳೋದು

(ಅವರ ಒಪ್ಪಿಗೆ ತಗೊಂಡೇ ಬರೀತಿದ್ದೀನಿ. ಹೆಸರು, ಊರು, ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿದ್ದೀನಿ, ಅಂಕಿಗಳನ್ನ ಲೆಕ್ಕ ಸುಲಭ ಆಗ್ಲಿ ಅಂತ ಸ್ವಲ್ಪ ಅಡ್ಜಸ್ಟ್ ಮಾಡಿದ್ದೀನಿ.)

ಸುಮಾ ಅಂತ ಇಟ್ಕೊಳ್ಳಿ. ಹಾಸನ ಕಡೆಯವರು, ಬೆಂಗಳೂರಲ್ಲಿ ನಾಲ್ಕು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬೇರೆ ಕಂಪನಿಯಿಂದ 9 ಲಕ್ಷದ ಆಫರ್ ಬಂದಿದೆ, ಶುಕ್ರವಾರದೊಳಗೆ ಉತ್ತರ ಕೊಡ್ಬೇಕು, ಬುಧವಾರ ಸಂಜೆ ನನ್ನ ಹತ್ರ ಬಂದ್ರು. ಫೋನಲ್ಲಿ ಎರಡು ಡ್ರಾಫ್ಟ್ ಇತ್ತು, ಒಂದು ಅವರೇ ಬರೆದಿದ್ದು, ಇನ್ನೊಂದು ಅವರಣ್ಣ ಬರೆದುಕೊಟ್ಟಿದ್ದು. ಯಾವ್ದು ಕಳಿಸ್ಲಿ ಮೇಡಂ ಅಂತ ಕೇಳಿದ್ರು. ಎರಡೂ ಬೇಡ ಅಂದೆ.

ಮೇಲ್ ಇದ್ದಿದ್ದು ಇಂಗ್ಲಿಷಲ್ಲಿ, ಸಾರ ಇಷ್ಟು. ಅವರದ್ದು: "ಸರ್, ಆಫರ್‌ಗೆ ತುಂಬಾ ತುಂಬಾ ಥ್ಯಾಂಕ್ಸ್. ತಪ್ಪು ತಿಳ್ಕೋಬೇಡಿ, ಇದನ್ನ ಕೇಳೋದಕ್ಕೆ ನಂಗೇ ಸಂಕೋಚ ಆಗ್ತಿದೆ, ಸಂಬಳ ಸ್ವಲ್ಪ ಏನಾದ್ರೂ ಜಾಸ್ತಿ ಮಾಡೋಕೆ ಸಾಧ್ಯ ಇದ್ಯಾ? ಆಗದಿದ್ರೂ ಪರವಾಗಿಲ್ಲ, ನಾನು ಜಾಯಿನ್ ಆಗ್ತೀನಿ. ತೊಂದ್ರೆ ಕೊಟ್ಟಿದ್ದಕ್ಕೆ ಕ್ಷಮೆ ಇರಲಿ." ಅಣ್ಣನದ್ದು: "ನನ್ನ ಅನುಭವಕ್ಕೆ ಮಾರ್ಕೆಟ್ ರೇಟ್ 12 ಲಕ್ಷ. ನಿಮ್ಮ ಆಫರ್ ಅದಕ್ಕಿಂತ ತುಂಬಾ ಕಮ್ಮಿ ಇದೆ. ನನ್ನ ಕೈಲಿ ಬೇರೆ ಆಫರ್ ಕೂಡ ಇದೆ. 12ಕ್ಕೆ ರಿವೈಸ್ ಮಾಡಿದ್ರೆ ಮಾತ್ರ ಮುಂದುವರೀತೀನಿ."

ಬೇರೆ ಆಫರ್ ಇದ್ಯಾ ಅಂದೆ. ಇಲ್ಲ. 12 ಕೊಡದಿದ್ರೆ ನಿಜವಾಗ್ಲೂ ಬಿಡ್ತೀರಾ ಅಂದೆ. ಅಯ್ಯೋ ಇಲ್ಲ ಮೇಡಂ, ಸೇರ್ತೀನಿ. 12 ಎಲ್ಲಿಂದ ಬಂತು ಅಂದ್ರೆ ಅಣ್ಣನ ಫ್ರೆಂಡ್‌ಗೆ ಅಷ್ಟು ಸಿಕ್ಕಿದೆಯಂತೆ, ಅವನು ಟೆಸ್ಟಿಂಗ್ ಅಲ್ಲ, ಡೆವಲಪರ್. ಹಾಗಾಗಿ ಆ ಡ್ರಾಫ್ಟ್‌ನ ಅಲ್ಲೇ ಬಿಟ್ವಿ. ಇಲ್ಲದ ಆಫರ್ ಇದೆ ಅಂತ ಬರೆದ್ರೆ ಆ ಕಡೆಯವರು ಲೆಟರ್ ತೋರ್ಸಿ ಅನ್ನಬಹುದು, ತುಂಬ ಕಡೆ ಅಂತಾರೆ ಕೂಡ. ಈಗಿನ ಸಂಬಳ ಜಾಸ್ತಿ ಹೇಳೋದೂ ಅಷ್ಟೇ, ಮೂರು ತಿಂಗಳ ಪೇಸ್ಲಿಪ್ ಕೇಳಿದಾಗ ಗೊತ್ತಾಗಿಬಿಡುತ್ತೆ.

ಅವರು ಬರೆದಿದ್ದ ಡ್ರಾಫ್ಟ್ ಮಾತ್ರ ಕುತೂಹಲ ಹುಟ್ಟಿಸ್ತು, ಯಾಕಂದ್ರೆ ಅಷ್ಟೊಂದು ಕ್ಷಮೆ ಕೇಳೋಕೆ ಒಂದು ಕಾರಣ ಇರ್ಲೇಬೇಕು. ಕೆದಕಿದಾಗ ಬಂತು ನೋಡಿ ವಿಷಯ. ಮೊದಲನೇ ಕಾಲ್‌ನಲ್ಲೇ ಎಚ್‌ಆರ್ "ಎಷ್ಟು ಎಕ್ಸ್‌ಪೆಕ್ಟ್ ಮಾಡ್ತಿದ್ದೀರಾ" ಅಂತ ಕೇಳಿದ್ದಾರೆ, ಇವರು ಬಾಯಿಗೆ ಬಂದಂಗೆ ಒಂಬತ್ತು ಅಂದಿದ್ದಾರೆ, ಅವರು ಸರಿಯಾಗಿ ಒಂಬತ್ತೇ ಕೊಟ್ಟಿದ್ದಾರೆ. "ಈಗ ಮತ್ತೆ ಕೇಳಿದ್ರೆ ಮಾತಿಗೆ ತಪ್ಪಿದಂಗೆ ಆಗಲ್ವಾ ಮೇಡಂ? ಆದ್ರೆ ಆಫರ್ ನೋಡಿದಾಗಿಂದ ಏನೋ ಕಮ್ಮಿ ಅನ್ನಿಸ್ತಿದೆ, ಏನು ಅಂತ ಹೇಳೋಕೆ ಬರ್ತಿಲ್ಲ" ಅಂದ್ರು.

ಏನು ಕಮ್ಮಿ ಅಂತ ಗೊತ್ತಿಲ್ಲದೆ ಕೇಳೋಕೆ ಹೋದ್ರೆ ಒಂದೋ ಬೇಡಿದಂಗೆ ಆಗುತ್ತೆ, ಇಲ್ಲ ಜಗಳಕ್ಕೆ ಹೋದಂಗೆ ಆಗುತ್ತೆ. ಅದಕ್ಕೆ ಮೇಲ್ ಪಕ್ಕಕ್ಕಿಟ್ಟು ಆಫರ್ ಲೆಟರ್ ಕೊನೇ ಪುಟದ ಬ್ರೇಕಪ್ ತೆಗೆದ್ವಿ.

9 ಲಕ್ಷ ಅನ್ನೋದು ಸಿಟಿಸಿ, ಅಂದ್ರೆ ಕಂಪನಿಗೆ ನಿಮ್ಮಿಂದ ವರ್ಷಕ್ಕೆ ಆಗೋ ಒಟ್ಟು ಖರ್ಚು. ಅದರೊಳಗೆ ಪ್ರತಿ ತಿಂಗಳು ಬರೋ ಫಿಕ್ಸೆಡ್ ಸಂಬಳ 65,000, ವರ್ಷಕ್ಕೆ 7.8 ಲಕ್ಷ. ಕಂಪನಿ ಕಟ್ಟೋ ಪಿಎಫ್ ತಿಂಗಳಿಗೆ 1,800ರಂತೆ 21,600. ಕೆಲಸ ಬಿಡುವಾಗ ಸಿಗೋ ಗ್ರಾಚ್ಯುಟಿಗೆ ಅಂತ ಬೇಸಿಕ್ ಸಂಬಳದ 4.81 ಪರ್ಸೆಂಟ್, ಇವರಿಗೆ ಹತ್ತೊಂಬತ್ತು ಸಾವಿರದ ಹತ್ರ. ಉಳಿದ 80,000 ವೇರಿಯಬಲ್, ವರ್ಷಕ್ಕೊಮ್ಮೆ, ಕಂಪನಿ ಹೆಂಗೆ ನಡೀತು, ನಿಮ್ಮ ರೇಟಿಂಗ್ ಎಷ್ಟು ಬಂತು ಅನ್ನೋದರ ಮೇಲೆ, ಪೂರ್ತಿ ಬರಬಹುದು, ಅರ್ಧ ಬರಬಹುದು. 65,000ದಲ್ಲಿ ಇವರ ಪಾಲಿನ ಪಿಎಫ್ 1,800, ಪ್ರೊಫೆಷನಲ್ ಟ್ಯಾಕ್ಸ್ 200 ಹೋದ್ರೆ ಕೈಗೆ 63,000. ಹೊಸ ಟ್ಯಾಕ್ಸ್ ರೆಜಿಮ್‌ನಲ್ಲಿ ಈ ಸಂಬಳಕ್ಕೆ ಇನ್‌ಕಮ್ ಟ್ಯಾಕ್ಸ್ ಬರಲ್ಲ, ಆ ತಲೆನೋವು ಇಲ್ಲ.

ಈಗಿನ ಕೆಲಸದಲ್ಲಿ ಫಿಕ್ಸೆಡ್ 54,000, ಕೈಗೆ 52,000, ಸಿಟಿಸಿ 6.85 ಲಕ್ಷ, ವೇರಿಯಬಲ್ ಅನ್ನೋದೇ ಇಲ್ಲ. ಅಂದ್ರೆ ಸಿಟಿಸಿ ಲೆಕ್ಕದಲ್ಲಿ 31 ಪರ್ಸೆಂಟ್ ಹೈಕ್, ಕೈಗೆ ಬರೋ ಲೆಕ್ಕದಲ್ಲಿ ಬರೀ 21. ಇವರಿಗೆ ಏನೋ ಕಮ್ಮಿ ಅನ್ನಿಸ್ತಿದ್ದಿದ್ದು ಇದೇ. ಜೊತೆಗೆ ಲೆಟರ್‌ನಲ್ಲಿ ಇನ್ನೊಂದು ಸಾಲು ಇತ್ತು, ತಿಂಗಳಿಗೆ ಒಂದು ವಾರ ಆನ್‌ಕಾಲ್, ಅಂದ್ರೆ ರಾತ್ರಿ ಕಾಲ್ ಬಂದ್ರೂ ಎದ್ದು ನೋಡ್ಬೇಕು. ಇಂಟರ್‌ವ್ಯೂನಲ್ಲಿ ಯಾರೂ ಹೇಳಿರ್ಲಿಲ್ಲ.

ಹಂಗಾದ್ರೆ ನಾನು 9 ಅಂದಿದ್ದು ಫಿಕ್ಸೆಡ್ ಅಂದ್ಕೊಂಡು ಅಂತ ಬರೆದುಬಿಡ್ಲಾ ಅಂದ್ರು. ನೀವು ಹಂಗೆ ಅಂದ್ಕೊಂಡಿದ್ರಾ? ಇಲ್ಲ, ಏನೂ ಅಂದ್ಕೊಂಡಿರ್ಲಿಲ್ಲ. ಮತ್ತೆ ಬರೀಬೇಡಿ. ನಿಜ ಏನಿದೆಯೋ ಅದೇ ಸಾಕಾಗುತ್ತೆ ಇಲ್ಲಿ: ನೀವು ನಂಬರ್ ಹೇಳಿದಾಗ ಎರಡು ವಿಷಯ ಗೊತ್ತಿರ್ಲಿಲ್ಲ, ಆಮೇಲೆ ಗೊತ್ತಾಯ್ತು. ಹೊಸ ಮಾಹಿತಿ ಬಂದ್ಮೇಲೆ ಮತ್ತೆ ಮಾತಾಡೋದು ಮಾತು ತಪ್ಪೋದಲ್ಲ.

ಆಮೇಲೆ ಎಷ್ಟು ಕೇಳೋದು ಅನ್ನೋ ಪ್ರಶ್ನೆ. ಇಲ್ಲಿ ಒಂದು ದಾರಿ ಕಾಣ್ತು. ಆ 80,000 ವೇರಿಯಬಲ್‌ನ ಫಿಕ್ಸೆಡ್ ಒಳಗೆ ತನ್ನಿ ಅಂದ್ರೆ ತಿಂಗಳಿಗೆ 72,000 ಹತ್ರ ಬರುತ್ತೆ, ವರ್ಷಕ್ಕೆ 8.64 ಲಕ್ಷ. ಪಿಎಫ್, ಗ್ರಾಚ್ಯುಟಿ ಸೇರಿಸಿದ್ರೆ ಸಿಟಿಸಿ 9.06. ಅಂದ್ರೆ ಇವರು ಹೇಳಿದ್ದ ಒಂಬತ್ತು ಹೆಚ್ಚುಕಮ್ಮಿ ಅಲ್ಲೇ ಇರುತ್ತೆ, ಕೈಗೆ ಮಾತ್ರ 63ರ ಬದಲು 70,000 ಬರುತ್ತೆ. ಈ ಲೆಕ್ಕ ಪೇಪರ್ ಮೇಲೆ ನೋಡಿದ ತಕ್ಷಣ ಸುಮಾ ಕೂತಿದ್ದ ರೀತಿನೇ ಬದಲಾಯ್ತು.

ಬರೆಯೋಕೆ ಮುಂಚೆ ಒಂದು ಮಾತು ಹೇಳಿದೆ, ಇದು ತುಂಬ ಜನಕ್ಕೆ ಹೊಳೆಯಲ್ಲ. ನಿಮ್ಮ ಮೇಲ್ ಓದೋ ಎಚ್‌ಆರ್ ಕೈಲಿ ಎಷ್ಟೋ ಸಲ ನಿರ್ಧಾರ ಇರೋದೇ ಇಲ್ಲ. ಅವರು ಅದನ್ನ ಹಾಗೇ ಮ್ಯಾನೇಜರ್‌ಗೋ ಫೈನಾನ್ಸ್‌ನವರಿಗೋ ಫಾರ್ವರ್ಡ್ ಮಾಡಿ ಅಪ್ರೂವಲ್ ಕೇಳ್ತಾರೆ. ಆ ಮೂರನೇ ವ್ಯಕ್ತಿ ನಿಮ್ಮ ಮುಖ ನೋಡಿರಲ್ಲ. "ಸಂಕೋಚ ಆಗ್ತಿದೆ, ಆಗದಿದ್ರೂ ಸೇರ್ತೀನಿ" ಅಂತಿದ್ರೆ ಅವರು ಒಂದು ರೂಪಾಯಿನೂ ಏರಿಸ್ಬೇಕಿಲ್ಲ, ನೀವೇ ಬೇಡ ಅಂದಂಗಾಯ್ತು. "12 ಕೊಟ್ರೆ ಮಾತ್ರ" ಅಂತಿದ್ರೆ ಎಚ್‌ಆರ್‌ಗೆ ನಿಮ್ಮ ಪರವಾಗಿ ಹೇಳೋಕೆ ಏನೂ ಉಳಿಯಲ್ಲ. "ಸ್ವಲ್ಪ ಜಾಸ್ತಿ" ಅಂತಿದ್ರಂತೂ ಎಷ್ಟು ಅಂತ ಅವರೇ ಊಹೆ ಮಾಡ್ಬೇಕು, ಊಹೆ ಮಾಡಿದ್ರೆ ಚಿಕ್ಕ ನಂಬರ್‌ನೇ ಮಾಡ್ತಾರೆ. ಅದಕ್ಕೆ ಒಂದು ನಂಬರ್, ಅದರ ಕಾರಣ, ಒಪ್ಪಿದ್ರೆ ನೀವೇನ್ ಮಾಡ್ತೀರಿ ಅನ್ನೋದು ಇದ್ರೆ ಸಾಕು. ಮನೆ ಬಾಡಿಗೆ, ತಮ್ಮನ ಫೀಸು, ಲೋನು ಇವೆಲ್ಲ ನಿಜವೇ ಇರಬಹುದು, ಮೇಲ್‌ನಲ್ಲಿ ಬೇಡ, ಅಪ್ರೂವ್ ಮಾಡೋರು ಆ ಕೆಲಸಕ್ಕೆ ಎಷ್ಟು ಅಂತ ನೋಡ್ತಾರೆ.

ಸುಮಾನೇ ಬರೆದ್ರು, ನಾನು ಹೊಡೆದು ಹಾಕೋ ಕೆಲಸ ಮಾತ್ರ ಮಾಡಿದೆ. ಎರಡು ಸಲ ಮತ್ತೆ "ಸಾರಿ" ನುಸುಳ್ತು, ಒಂದ್ಸಲ "ಜಸ್ಟ್ ಕೇಳ್ತಿದ್ದೀನಿ ಅಷ್ಟೇ". ಕೊನೆಗೆ ಆಗಿದ್ದು ಹೀಗೆ:

"ಆಫರ್‌ಗೆ ಧನ್ಯವಾದ. ಟೀಮ್ ಜೊತೆ ಮಾತಾಡಿದ ಮೇಲೆ ಈ ಕೆಲಸಕ್ಕೆ ಸೇರಬೇಕು ಅಂತ ನನಗೆ ಇಷ್ಟ ಇದೆ. ಮೊದಲ ಕಾಲ್‌ನಲ್ಲಿ ನಾನು 9 ಲಕ್ಷ ಹೇಳಿದ್ದೆ. ಆಗ ಅದರಲ್ಲಿ 80,000 ವೇರಿಯಬಲ್ ಇರುತ್ತೆ ಅನ್ನೋದು, ತಿಂಗಳಿಗೆ ಒಂದು ವಾರ ಆನ್‌ಕಾಲ್ ಇರುತ್ತೆ ಅನ್ನೋದು ನನಗೆ ಗೊತ್ತಿರಲಿಲ್ಲ. ಈಗಿನ ಕೆಲಸದಲ್ಲಿ ನನ್ನ ಸಂಬಳ ಪೂರ್ತಿ ಫಿಕ್ಸೆಡ್. ವೇರಿಯಬಲ್ ಮೊತ್ತವನ್ನ ಫಿಕ್ಸೆಡ್‌ಗೆ ಸೇರಿಸಿ ತಿಂಗಳಿಗೆ 72,000 ಮಾಡಲು ಸಾಧ್ಯವೇ? ಒಟ್ಟು ಸಿಟಿಸಿ 9 ಲಕ್ಷದ ಆಸುಪಾಸಲ್ಲೇ ಇರುತ್ತೆ. ಇದು ಆದರೆ ರಿವೈಸ್ಡ್ ಲೆಟರ್ ಬಂದ ದಿನವೇ ಒಪ್ಪಿಕೊಂಡು ಇಲ್ಲಿ ರಾಜೀನಾಮೆ ಕೊಡುತ್ತೇನೆ."

ಇದರಲ್ಲಿ "ಆಗದಿದ್ರೆ" ಅನ್ನೋದೇ ಇಲ್ಲ, ಗಮನಿಸಿ. ಸೇರಲ್ಲ ಅನ್ನೋದು ಸುಳ್ಳಾಗ್ತಿತ್ತು, ಆದ್ರೂ ಸೇರ್ತೀನಿ ಅನ್ನೋದು ಅನವಶ್ಯಕ. ಆ ಜಾಗ ಖಾಲಿ ಬಿಟ್ರೆ ಸಾಕು.

ಮೇಲ್ ಹೋದ್ಮೇಲೆ ಕಾಲ್ ಬಂದೇ ಬರುತ್ತೆ, ಸುಮಾಗೆ ಅದೇ ಜಾಸ್ತಿ ಭಯ. ನಾನೇ ಎಚ್‌ಆರ್ ಆಗಿ ಪ್ರಾಕ್ಟೀಸ್ ಮಾಡಿಸ್ದೆ. "ನೀವೇ ನೈನ್ ಅಂದಿದ್ರಿ ಅಲ್ವಾ?" ಅಂದ ತಕ್ಷಣ ಅವರು "ಹೌದು ಸರ್ ಸಾರಿ ಸರ್" ಅಂತ ಶುರು. "ಹೌದು ಸರ್, ಅಂದಿದ್ದೆ. ಆಗ ವೇರಿಯಬಲ್ ಬಗ್ಗೆ ಗೊತ್ತಿರ್ಲಿಲ್ಲ, ಫಿಕ್ಸೆಡ್ 72 ಆಗುತ್ತಾ ನೋಡಿ" ಅಂತ ಹೇಳಿ ಸುಮ್ನಾಗ್ಬೇಕು. ಸುಮ್ನಾಗೋದೇ ಕಷ್ಟ ಅವರಿಗೆ, ಆ ಕಡೆ ಎರಡು ಸೆಕೆಂಡ್ ಮೌನ ಆದ್ರೆ "ಆಗದಿದ್ರೆ ಬಿಡಿ ಸರ್" ಅಂತ ತಾವೇ ತುಂಬಿಬಿಡ್ತಾರೆ. ಮಾತು ಮುಗಿದ ತಕ್ಷಣ ಒಂದು ಗುಟುಕು ನೀರು ಕುಡೀರಿ ಅಂದೆ. ಫೋನಲ್ಲೇ ಒಪ್ಪಿಕೊಳ್ಳಬೇಡಿ, ಏನ್ ಹೇಳಿದ್ರೂ "ಮೇಲ್ ಮಾಡಿ ಸರ್, ನೋಡಿ ಸಂಜೆಯೊಳಗೆ ಹೇಳ್ತೀನಿ" ಅನ್ನಿ ಅಂತಾನೂ ಹೇಳಿದೆ.

ಗುರುವಾರ ಬೆಳಗ್ಗೆ ಮೇಲ್ ಕಳಿಸಿದ್ರು, ಶುಕ್ರವಾರ ಮಧ್ಯಾಹ್ನ ಕಾಲ್. ವೇರಿಯಬಲ್ ತೆಗೆಯೋಕೆ ಆಗಲ್ಲ, ಆ ಗ್ರೇಡ್‌ನವರಿಗೆಲ್ಲ ಅದೇ ಪಾಲಿಸಿ ಅಂದ್ರಂತೆ. ಇದು ಆಗಬಹುದು ಅಂತ ಮೊದಲೇ ಮಾತಾಡಿದ್ವಿ, ಪಾಲಿಸಿ ಅಂದ್ರೆ ವಾದ ಬೇಡ, "ಹಾಗಾದ್ರೆ ಆ ವ್ಯತ್ಯಾಸಕ್ಕೆ ಬೇರೆ ಏನು ಮಾಡಬಹುದು ಸರ್" ಅಂತ ಕೇಳಿ ಅಂದಿದ್ದೆ. ಕೇಳಿದ್ರು. ಸಂಜೆ ಬಂದ ರಿವೈಸ್ಡ್ ಆಫರ್‌ನಲ್ಲಿ ಫಿಕ್ಸೆಡ್ 68,000, ಕೈಗೆ 66,000, ವೇರಿಯಬಲ್ ಹಾಗೇ, ಮೇಲೆ 40,000 ಜಾಯ್ನಿಂಗ್ ಬೋನಸ್. ಲೆಕ್ಕ ಹಾಕಿದ್ರೆ ಬೋನಸ್ ಬಿಟ್ಟೇ ಸಿಟಿಸಿ 9.37, ಅಂದ್ರೆ ಇವರು ಕೇಳಿದ್ದ ಒಟ್ಟು ಮೊತ್ತಕ್ಕಿಂತ ಜಾಸ್ತಿ. ಕಂಪನಿಗಳ ಒಳಗಿನ ಕಟ್ಟುಪಾಡು ಹಿಂಗೇ ಇರುತ್ತೆ, ಒಂದು ಕಾಲಂ ಮುಟ್ಟೋಕೆ ಬಿಡಲ್ಲ, ಇನ್ನೊಂದು ಕಾಲಂನಲ್ಲಿ ಆರಾಮಾಗಿ ಕೊಡ್ತಾರೆ.

ಇದೇ ಮೇಲ್ ಎಲ್ಲ ಕಡೆ ನಡೆಯುತ್ತೆ ಅಂದ್ಕೋಬೇಡಿ. ಕ್ಯಾಂಪಸ್‌ನಿಂದ ನೂರು ಜನನ ಒಂದೇ ಪ್ಯಾಕೇಜ್‌ಗೆ ತಗೊಳ್ಳೋ ಕಡೆ, ಪೇ ಸ್ಕೇಲ್ ಫಿಕ್ಸ್ ಇರೋ ಸರ್ಕಾರಿ ಕೆಲಸದಲ್ಲಿ ಕೇಳೋಕೆ ಜಾಗನೇ ಇರಲ್ಲ. ಲಿಖಿತವಾಗಿ ಒಪ್ಪಿಕೊಂಡ ಮೇಲೆ ಕೇಳಿದ್ರೆ ಅಲ್ಲಿ ಮಾತ್ರ ನಿಜವಾಗ್ಲೂ ಮುಖ ಕೆಡುತ್ತೆ.

ಒಪ್ಪೋಕೆ ಮುಂಚೆ ಒಂದು ಸಾಲು ಮಾತ್ರ ಸರಿ ಮಾಡಿಸಿದ್ವಿ. ಜಾಯ್ನಿಂಗ್ ಬೋನಸ್ ಕೆಳಗೆ "12 ತಿಂಗಳೊಳಗೆ ಕೆಲಸ ಯಾವುದೇ ಕಾರಣಕ್ಕೆ ಮುಗಿದರೆ ಪೂರ್ತಿ ವಾಪಸ್" ಅಂತಿತ್ತು, ಅಂದ್ರೆ ಅವರೇ ತೆಗೆದು ಹಾಕಿದ್ರೂ ಇವರು ಹಣ ಕಟ್ಬೇಕು. "ಉದ್ಯೋಗಿ ತಾವಾಗಿ ರಾಜೀನಾಮೆ ಕೊಟ್ಟರೆ" ಅಂತ ಬದಲಾಯಿಸೋಕೆ ಕೇಳಿ ಒಂದು ಸಾಲಿನ ಮೇಲ್ ಹಾಕಿದ್ರು, ಈ ಸಲ ನನಗೆ ತೋರಿಸದೇನೇ. ಸೋಮವಾರ ತಿದ್ದಿದ ಲೆಟರ್ ಬಂತು, ಸೈನ್ ಮಾಡಿ ಕಳಿಸಿದ ಮೇಲೇ ಹಳೇ ಆಫೀಸಲ್ಲಿ ರಾಜೀನಾಮೆ ಹಾಕಿದ್ರು.