ಚೌಕ ಹಾಕಿ ಬಟ್ಟೆಯ ಕುಗ್ಗುವಿಕೆ ಅಳೆಯುವುದು

“ಕುರ್ತಾಗೆ 2.5 ಮೀಟರ್ ಹತ್ತಿ ಬಟ್ಟೆ ಬೇಕು. ಪರೀಕ್ಷೆಗೆ ಅರ್ಧ ಮೀಟರ್ ತಂದಿದ್ದೇನೆ. ಕುಗ್ಗೋದನ್ನ ಲೆಕ್ಕ ಹಾಕಿ ಎಷ್ಟು ಜಾಸ್ತಿ ತಗೊಳ್ಳಲಿ?”

ಬಟ್ಟೆಯ ಅಂಚಿನಿಂದ ನಾಲ್ಕು ಬೆರಳು ಒಳಗೆ 25 ಸೆಂ.ಮೀ. ಚೌಕ ಹಾಕಿ. ಅಂಚಿನ ನೇಯ್ಗೆ ಬಿಗಿ ಇರುತ್ತದೆ, ಅಲ್ಲಿ ಅಳತೆ ಸರಿ ಬರುವುದಿಲ್ಲ. ಪೆನ್ನಿನ ಗುರುತು ಒಗೆದಾಗ ಹೋಗಬಹುದು. ನಾನು ನಾಲ್ಕೂ ಮೂಲೆಗೆ ಬಣ್ಣ ಬಿಡದ ದಾರದ ಚಿಕ್ಕ ಹೊಲಿಗೆ ಹಾಕುತ್ತೇನೆ. ಉದ್ದದ ಕಡೆ ಯಾವುದು ಅಂತ ತಿಳಿಯಲು ಅಲ್ಲೊಂದು ಹೆಚ್ಚಿನ ಹೊಲಿಗೆ ಇರಲಿ.

ಆಮೇಲೆ ಕುರ್ತಾವನ್ನು ಹೇಗೆ ಒಗೆಯುತ್ತೀರೋ ಹಾಗೇ ಒಗೆಯಿರಿ. ಒದ್ದೆ ತುಂಡನ್ನು ತಂತಿಗೆ ನೇತು ಹಾಕಬೇಡಿ, ನೀರಿನ ಭಾರಕ್ಕೆ ಜಗ್ಗುತ್ತದೆ. ಇಲ್ಲಿ ಶಿರಸಿಯ ಮಳೆಗಾಲದಲ್ಲಿ ನಾನು ತಂತಿಯ ಮೇಲಿನ ಅರೆ ಒಣಗಿದ ತುಂಡನ್ನೇ ಅಳೆದು ಬಟ್ಟೆ ಕತ್ತರಿಸಿಬಿಟ್ಟೆ. ಮಗಳ ಕುರ್ತಾ ಗಿಡ್ಡವಾಯಿತು, ತುಂಬಾ ಬೇಜಾರಾಯಿತು. ಚಾಪೆಯ ಮೇಲೆ ಹರಡಿ, ಪೂರ್ತಿ ಒಣಗಿದ ಮೇಲೆ ಎಳೆಯದೆ ಅಳೆಯಿರಿ.

ಉದ್ದ 23.8 ಬಂತು ಅನ್ನೋಣ. ಕಡಿಮೆಯಾದದ್ದು 1.2. ಅದನ್ನು ಮೊದಲಿನ 25ರಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇ. 4.8. ಅಗಲ 24.5 ಆದರೆ ಶೇ. 2 ಮಾತ್ರ. ಮಗ್ಗದಲ್ಲಿ ಬಟ್ಟೆಯ ಉದ್ದಕ್ಕೆ ಹೋಗುವ ಹಾಸಿನ ಎಳೆಗಳನ್ನು ಬಿಗಿಯಾಗಿ ಎಳೆದಿರುತ್ತಾರೆ, ನೀರು ಬಿದ್ದಾಗ ಆ ಬಿಗಿ ಸಡಿಲುತ್ತದೆ. ಅದಕ್ಕೇ ಸಾಮಾನ್ಯವಾಗಿ ಉದ್ದವೇ ಜಾಸ್ತಿ ಕುಗ್ಗುವುದು.

ಉದ್ದದಲ್ಲಿ ಶೇ. 4.8 ಹೋದರೆ ಉಳಿಯುವುದು ಶೇ. 95.2, ಅಂದರೆ 0.952 ಪಾಲು. ಈಗ 2.5 ಅನ್ನು 0.952ರಿಂದ ಭಾಗಿಸಿ, ಸುಮಾರು 2.63 ಬರುತ್ತದೆ. 2.65 ಮೀಟರ್ ಕೇಳಿ. ಆದರೆ ಅದೇ ತುಂಡನ್ನು ಇನ್ನೆರಡು ಸಲ ಒಗೆದು ಅಳೆಯಿರಿ. ಮತ್ತೆ ಕುಗ್ಗಿದರೆ ಕೊನೆಯ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಿರಿ.