ಏಣಿ ಜಾರದಿರಲು ಕನಿಷ್ಠ ಕೋನ ಎಷ್ಟು?

ಪ್ರಶ್ನೆ: ಘರ್ಷಣೆ ನೆಲದಲ್ಲಿ ಮಾತ್ರ ಇದೆ, ಗೋಡೆ ನುಣುಪು. ಏಣಿಯನ್ನು ಎಷ್ಟು ಓರೆಯಾಗಿ ಇಡಬಹುದು?

ಏಣಿ ಖಾಲಿ ಇದ್ದರೆ tan θ = 1/(2μ). θ ಅಂದರೆ ನೆಲದಿಂದ ಅಳೆದ ಕೋನ, μ ಅಂದರೆ ನೆಲದ ಘರ್ಷಣಾ ಗುಣಾಂಕ. ಆದರೆ ಹತ್ತುವವರಿಗೆ ಈ ಉತ್ತರ ಸಾಲದು.

ಬಾಗಲಕೋಟೆಯ ನಮ್ಮ ಮಾಳಿಗೆಗೆ ಹಾಕುವ ಏಣಿಯನ್ನೇ ನೋಡಿ. ಉದ್ದ 5 ಮೀಟರ್, ತೂಕ 10 ಕೆಜಿ. ಹತ್ತುವವರು 60 ಕೆಜಿ, μ = 0.4 ಅಂತಿಟ್ಟುಕೊಳ್ಳೋಣ. ಗೋಡೆ ಅಡ್ಡಕ್ಕೆ ಮಾತ್ರ ತಳ್ಳುತ್ತದೆ, ಹಾಗಾಗಿ ಪೂರ್ತಿ ಭಾರ ಹೊರುವುದು ನೆಲ. ಗೋಡೆಯ ತಳ್ಳುವಿಕೆಯನ್ನು ತಡೆಯುವುದು ನೆಲದ ಘರ್ಷಣೆ ಒಂದೇ. ಅದು ಹೆಚ್ಚೆಂದರೆ 0.4 × 70 = 28 ಕೆಜಿ ತೂಕದಷ್ಟು. ಹತ್ತಿದ ದೂರ ಏಣಿಯ s ಪಾಲು ಆಗಿದ್ದರೆ, ಬುಡದ ಸುತ್ತ ತಿರುಗುಬಲ ಲೆಕ್ಕ ಹಾಕಿದಾಗ:

(5 + 60s) / tan θ ≤ 28

ಖಾಲಿ ಏಣಿ 52 ಡಿಗ್ರಿಯಲ್ಲೂ ನಿಲ್ಲುತ್ತದೆ. ಅದನ್ನು ನಂಬಿ, ಇನ್ನೂ ಜಾಸ್ತಿ ಇರಲಿ ಅಂತ 60 ಡಿಗ್ರಿಗೆ ಇಟ್ಟು ಹತ್ತಿದರೂ ಅಪಾಯವೇ. ಮೊದಲ ಮೆಟ್ಟಿಲುಗಳಲ್ಲಿ ಏನೂ ಆಗುವುದಿಲ್ಲ. ಏಣಿಯ ಮೇಲೆ 3.6 ಮೀಟರ್ ದಾಟಿದ ಕೂಡಲೇ ಬುಡ ಹಿಂದಕ್ಕೆ ಜಾರುತ್ತದೆ. ಮೇಲೆ ಹೋದಷ್ಟೂ ಗೋಡೆಯ ತಳ್ಳುವಿಕೆ ಹೆಚ್ಚುತ್ತದೆ, ನೆಲದ ಹಿಡಿತ ಮಾತ್ರ ಅಷ್ಟೇ ಇರುತ್ತದೆ, ಅಲ್ವಾ?

ತುದಿವರೆಗೆ ಹತ್ತಲು s = 1 ಹಾಕಿ. tan θ = 65/28, ಅಂದರೆ ಸುಮಾರು 67 ಡಿಗ್ರಿ. ಬುಡ ಗೋಡೆಯಿಂದ 2 ಮೀಟರ್ ಒಳಗೇ ಇರಬೇಕು. ಹಾಸುಗಲ್ಲಿನ ಮೇಲೆ ಧೂಳು ಇದ್ದರೆ μ ಇನ್ನೂ ಇಳಿಯುತ್ತದೆ, ಮೊದಲು ಗುಡಿಸಿ.