ಹೀಲ್ಸ್‌ನಿಂದ ಒಂದೇ ದಿನಕ್ಕೆ ಇಳಿಯಬೇಡಿ

“ಐದು ವರ್ಷಗಳಿಂದ ಕೆಲಸಕ್ಕೆ ದಿನವೂ 3 ಇಂಚಿನ ಹೀಲ್ಸ್ ಹಾಕುತ್ತೇನೆ. ಮಂಡಿ, ಪಾದ, ಸೊಂಟ ಎಲ್ಲವೂ ನೋವು. ಆದರೆ ಚಪ್ಪಟೆ ಚಪ್ಪಲಿ ಹಾಕಿದರೆ ಮೀನಖಂಡ ಇನ್ನಷ್ಟು ಎಳೆಯುತ್ತದೆ. ಏನು ಮಾಡಲಿ?”

ಆ ಎಳೆತದಲ್ಲೇ ಉತ್ತರವಿದೆ. ಹಿಮ್ಮಡಿ ವರ್ಷಗಟ್ಟಲೆ ಎತ್ತರದಲ್ಲಿದ್ದರೆ ಮೀನಖಂಡದ ಸ್ನಾಯು ಮೊಟಕಾಗುತ್ತದೆ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಬಿಗಿಯಾಗುತ್ತದೆ. ಅದನ್ನು ಒಮ್ಮೆಲೇ ನೆಲಕ್ಕೆ ಇಳಿಸಿದರೆ ನೋಯದೆ ಇರುತ್ತದೆಯೇ?

ಆಭರಣ ಮಳಿಗೆಯೊಂದರಲ್ಲಿ ದಿನವಿಡೀ ನಿಂತು ಕೆಲಸ ಮಾಡುತ್ತಿದ್ದಾಗ ನಾನು ಇದೇ ತಪ್ಪು ಮಾಡಿದೆ. ತೆಳು ಹವಾಯಿ ಚಪ್ಪಲಿಗೆ ಬದಲಾದ ವಾರದಲ್ಲೇ ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿಯಲ್ಲಿ ಮೊಳೆ ಚುಚ್ಚಿದಂತಾಯಿತು. ಆಮೇಲೆ 2 ಇಂಚು ಎತ್ತರದ, ಅಗಲ ಹಿಮ್ಮಡಿಯ ಚಪ್ಪಲಿಯಲ್ಲಿ ಮೂರು ವಾರ, ಬಳಿಕ 1 ಇಂಚಿನದರಲ್ಲಿ ನಡೆದೆ. ಅಲ್ಲಿಗೇ ನಿಂತೆ, ಪೂರ್ತಿ ಚಪ್ಪಟೆಯಾಗಲೇಬೇಕೆಂದಿಲ್ಲ. ಕೊಳ್ಳುವಾಗ ಸ್ಕೇಲ್ ಇಟ್ಟು ನೋಡಿ: ಹಿಮ್ಮಡಿಯ ಎತ್ತರದಿಂದ ಮುಂಭಾಗದ ಅಟ್ಟೆಯ ದಪ್ಪ ಕಳೆದರೆ ಉಳಿಯುವುದೇ ನಿಜವಾದ ಎತ್ತರ.

ಜೊತೆಗೆ ದಿನಕ್ಕೆರಡು ಬಾರಿ ಗೋಡೆಗೆ ಕೈಕೊಟ್ಟು ನಿಂತು, ಒಂದು ಕಾಲನ್ನು ಹಿಂದಿಟ್ಟು, ಅದರ ಮಂಡಿ ನೇರವಾಗಿಸಿ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ. 30 ಸೆಕೆಂಡು, ಪ್ರತಿ ಕಾಲಿಗೆ ಮೂರು ಸಲ. ಮೀನಖಂಡದಲ್ಲಿ ಹಿತವಾದ ಎಳೆತ ಸರಿ. ಹಿಮ್ಮಡಿಯ ಹಿಂದೆ ಚುಚ್ಚಿದರೆ ನಿಲ್ಲಿಸಿ. ಎತ್ತರ ಇಳಿಸಿದ ಮೇಲೆ ಬೆಳಗಿನ ನೋವು ಶುರುವಾದರೆ, ಒಂದು ವಾರದ ಮಟ್ಟಿಗೆ ಹಿಂದಿನ ಎತ್ತರಕ್ಕೆ ಮರಳಿ.

ಮಂಡಿ ಊದಿಕೊಂಡರೆ, ಬೆರಳುಗಳು ಜೋಮು ಹಿಡಿದರೆ, ಸೊಂಟದ ನೋವು ಕಾಲಿಗೆ ಇಳಿದರೆ ತಡಮಾಡದೆ ಮೂಳೆ ವೈದ್ಯರಿಗೆ ತೋರಿಸಿ.